ಮೊದಲು ಮದರಂಗಿ, ಬಳಿಕ ನೀಲಿ

ಈದ್ ಸಮೀಪಿಸಿದಂತೆ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಮೆಹಂದಿ ಪುಡಿ ಕೊಳ್ಳುವವರ ಸಂಖ್ಯೆ ಹೆಚ್ಚುತ್ತದೆ. ಗಡ್ಡ ಕೆಂಪಾಗುವುದು ಬೇಡ, ಕಂದು ಬಣ್ಣ ಬೇಕೆನ್ನುವವರು ಇಂಡಿಗೋ, ಅಂದರೆ ನೀಲಿ ಎಲೆಯ ಪುಡಿಯನ್ನೂ ಒಯ್ಯುತ್ತಾರೆ. ಆದರೆ ಎರಡನ್ನೂ ರಾತ್ರಿಯೇ ಒಟ್ಟಿಗೆ ನಿಂಬೆರಸದಲ್ಲಿ ಕಲಸಿಟ್ಟು, ಬೆಳಿಗ್ಗೆ ಹಚ್ಚಿದಾಗ ಮತ್ತದೇ ಕೆಂಪು ಬಣ್ಣ ಬಂತೆಂದು ಬೇಸರಿಸುತ್ತಾರೆ. ತಪ್ಪು ಪುಡಿಯದ್ದಲ್ಲ, ಕ್ರಮದ್ದು.

ಮದರಂಗಿಯ ಬಣ್ಣ ನಿಧಾನವಾಗಿ ಬಿಡುತ್ತದೆ. ಹುಳಿ ಅದಕ್ಕೆ ಸಹಾಯಕ. ನೀಲಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ನೀರು ತಾಗಿದ ಕೂಡಲೇ ಅದರ ಬಣ್ಣ ಹೊರಬರುತ್ತದೆ, ಗಾಳಿ ತಾಗಿ ಬೇಗನೇ ಗಟ್ಟಿಯಾಗುತ್ತದೆ. ಗಟ್ಟಿಯಾದ ಬಣ್ಣ ಕೂದಲಿನೊಳಗೆ ಇಳಿಯದು.

ಆದ್ದರಿಂದ ಗಡ್ಡಕ್ಕಾಗಿ ಎರಡು ಚಮಚ ಮದರಂಗಿ ಪುಡಿಯನ್ನು ಇಶಾ ನಮಾಝಿನ ಬಳಿಕ ನಿಂಬೆರಸ ಬೆರೆಸಿದ ನೀರಿನಲ್ಲಿ ಕಲಸಿ ಮುಚ್ಚಿಡಬೇಕು. ಬೆಳಿಗ್ಗೆ ಚಿಟಿಕೆಯಷ್ಟನ್ನು ಅಂಗೈಗೆ ಐದು ನಿಮಿಷ ಹಚ್ಚಿ ಒರೆಸಿದಾಗ ಕಿತ್ತಳೆ ಕಲೆ ಉಳಿದರೆ ಅದು ಸಿದ್ಧವಾಗಿದೆ. ಆಗಷ್ಟೇ ಎರಡು ಚಮಚ ಇಂಡಿಗೋ ಪುಡಿಯನ್ನು ಬೇರೆ ಪಾತ್ರೆಯಲ್ಲಿ ಬರಿಯ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಮದರಂಗಿಗೆ ಬೆರೆಸಿ ತಕ್ಷಣ ಹಚ್ಚಬೇಕು. ಕೂದಲಿನಲ್ಲಿ ಎಣ್ಣೆಯಿರಬಾರದು. ಎರಡು ಮೂರು ಗಂಟೆ ಒಣಗದಂತೆ ಮುಚ್ಚಿಟ್ಟು, ಬರಿಯ ನೀರಿನಿಂದ ತೊಳೆಯಬೇಕು. ಮೊದಲು ಹಸಿರುಛಾಯೆ ಕಂಡರೆ ಗಾಬರಿ ಬೇಡ, ಎರಡು ದಿನಗಳಲ್ಲಿ ಕಂದು ಬಣ್ಣ ನೆಲೆಗೊಳ್ಳುತ್ತದೆ. ಇನ್ನೂ ಗಾಢ ಬೇಕಿದ್ದರೆ ಮುಂದಿನ ಸಲ ಇಂಡಿಗೋ ಪ್ರಮಾಣವನ್ನು ಇಮ್ಮಡಿಗೊಳಿಸಬಹುದು.

ಕಪ್ಪಿಗಾಗಿ ಎರಡನ್ನೂ ಬೆರೆಸುವುದಿಲ್ಲ. ಮದರಂಗಿ ಹಚ್ಚಿ ತೊಳೆದ ಮೇಲೆ ಇಂಡಿಗೋವನ್ನು ಪ್ರತ್ಯೇಕವಾಗಿ ಹಚ್ಚುತ್ತಾರೆ. ಕೆಂಪು ತಳವಿಲ್ಲದ ಬಿಳಿಗೂದಲಿಗೆ ಬರಿಯ ಇಂಡಿಗೋ ಹಚ್ಚಿದರೆ ನೀಲಿಛಾಯೆ ಬರುತ್ತದೆ.

ಆದರೆ ಕಂದಿನಲ್ಲೇ ನಿಲ್ಲುವುದು ಲೇಸೆಂಬುದು ನಮ್ಮ ಅಭಿಪ್ರಾಯ. ಮಕ್ಕಾ ವಿಜಯದ ದಿನ ಹಝ್ರತ್ ಅಬೂಬಕರ್(ರ)ರ ವೃದ್ಧ ತಂದೆಯ ಬಿಳಿಗೂದಲನ್ನು ಕಂಡು, ಅದನ್ನು ಬದಲಿಸಿ, ಕಪ್ಪನ್ನು ವರ್ಜಿಸಿ ಎಂದು ಪ್ರವಾದಿ(ಸ)ರು ಸೂಚಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಈ ಆಜ್ಞೆ ಎಷ್ಟು ಕಟ್ಟುನಿಟ್ಟೆಂಬುದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಆದರೆ ಮದರಂಗಿಯೊಂದಿಗೆ ಕತಮ್ ಬೆರೆಸುವುದನ್ನು ಪ್ರವಾದಿ(ಸ)ರು ಮೆಚ್ಚಿದ್ದರು. ಕತಮ್ ಬೇರೆ ಸಸ್ಯವೆಂದು ಹಲವರು ಹೇಳುತ್ತಾರಾದರೂ, ಕೆಂಪನ್ನು ಗಾಢಗೊಳಿಸುವ ಕೆಲಸದಲ್ಲಿ ಇಂಡಿಗೋ ಅದನ್ನೇ ಹೋಲುತ್ತದೆ.

ಅರ್ಧ ಗಂಟೆಯಲ್ಲೇ ಕಪ್ಪಾಗಿಸುವ ‘ಕಪ್ಪು ಮೆಹಂದಿ’ಯ ಬಗ್ಗೆ ಎಚ್ಚರವಿರಲಿ. ಮದರಂಗಿ ಎಲೆಗೆ ಅಂತಹ ಶಕ್ತಿಯಿಲ್ಲ. ಅಂತಹ ಪುಡಿಗಳಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕವಿರುತ್ತದೆ. ಅದು ಕೆಲವರಲ್ಲಿ ಮುಖ ಊದಿಕೊಳ್ಳುವಷ್ಟು ತೀವ್ರ ಅಲರ್ಜಿ ಉಂಟುಮಾಡುತ್ತದೆ. ಪೊಟ್ಟಣದ ಮೇಲಿನ ಘಟಕಗಳನ್ನು ಓದಿಯೇ ಕೊಳ್ಳೋಣ.