ಪ್ರೆಸ್ಸಿನ ಲೆಕ್ಕ, ಭಾಗ 3: "ಒಂದಕ್ಕೆ ಎಷ್ಟು?" ಅನ್ನೋ ಪ್ರಶ್ನೆಗೆ ಉತ್ತರ ಕೊಡಬಾರದು!

ಕಾಮರ್ಸ್ ಕ್ಲಾಸಲ್ಲಿ ನಮಗೆ ಎರಡೇ ಡಬ್ಬ ಕೊಡ್ತಾರೆ. ಬಾಡಿಗೆ, ಸಂಬಳ ಎಲ್ಲ ಸ್ಥಿರ ವೆಚ್ಚದ ಡಬ್ಬಕ್ಕೆ. ಪೇಪರ್, ಇಂಕು ಬದಲಾಗುವ ವೆಚ್ಚದ ಡಬ್ಬಕ್ಕೆ. ಪರೀಕ್ಷೆಗೆ ಇಷ್ಟು ಸಾಕು. ಆದ್ರೆ ಸಣ್ಣ ಆಫ್‌ಸೆಟ್ ಪ್ರೆಸ್ಸನ್ನ ಈ ಎರಡೇ ಡಬ್ಬ ಇಟ್ಕೊಂಡು ನಡೆಸಿದ್ರೆ ಕೈ ಸುಡುತ್ತೆ ಅನ್ನೋದು ನನ್ನ ವಾದ.

ಯಾಕೆ ಅಂದ್ರೆ, ಪ್ಲೇಟನ್ನ ಯಾವ ಡಬ್ಬಕ್ಕೆ ಹಾಕ್ತೀರಿ? ಆಫ್‌ಸೆಟ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಪ್ಲೇಟ್ ಬೇಕು. 100 ಪ್ರತಿ ಹೊಡೆದ್ರೂ ಅದೇ ಪ್ಲೇಟ್, 1000 ಹೊಡೆದ್ರೂ ಅದೇ. ಹಾಗಂತ ಅದು ಬಾಡಿಗೆ ತರ ತಿಂಗಳಿಗೊಮ್ಮೆ ಬರೋದೂ ಅಲ್ಲ. ಹೊಸ ಆರ್ಡರ್ ಬಂದಾಗೆಲ್ಲ ಬರುತ್ತೆ. ಬಣ್ಣ ಸರಿಯಾಗಿ ಕೂರೋವರೆಗೆ ಹಾಳಾಗೋ ಹಾಳೆಗಳೂ ಹೀಗೇ. ಇದನ್ನ ನಾನು ಮೂರನೇ ಡಬ್ಬ ಅಂತೀನಿ: ಆರ್ಡರಿಗೊಮ್ಮೆ ಆಗೋ ಖರ್ಚು.

ಒಂದು ಲೆಕ್ಕ ಹಾಕೋಣ. ಅಂಕಿ ಎಲ್ಲ ಉದಾಹರಣೆಗೆ ಮಾತ್ರ, ನಿಮ್ಮೂರಲ್ಲಿ ರೇಟು ಬೇರೆ ಇರಬಹುದು. ಎರಡು ಬಣ್ಣದ ಆಮಂತ್ರಣ ಪತ್ರಿಕೆ. ಎರಡು ಪ್ಲೇಟಿಗೆ 600 ರೂಪಾಯಿ, ಹೊರಗಿನ ಡಿಟಿಪಿ ಅಂಗಡಿಗೆ 500, ಹಾಳಾಗೋ ಹಾಳೆಗೆ 200. ಒಟ್ಟು 1300, ಇದು ಮೂರನೇ ಡಬ್ಬ. ಆಮೇಲೆ ಪ್ರತಿಯೊಂದಕ್ಕೆ ಪೇಪರ್, ಇಂಕು ಸೇರಿ 2 ರೂಪಾಯಿ. ಅಂದ್ರೆ 1000 ಪ್ರತಿಗೆ ನೇರ ಖರ್ಚು 3300. ಮಾಲೀಕರು 4800 ಹೇಳ್ತಾರೆ, 1500 ಉಳಿಯುತ್ತೆ.

ಈಗ ಗಿರಾಕಿ ಕೇಳ್ತಾರೆ, "ಅಣ್ಣ, ಒಂದಕ್ಕೆ ಎಷ್ಟು ಬಿತ್ತು?" ಮಾಲೀಕರು ಬಾಯಿತಪ್ಪಿ "4 ರೂಪಾಯಿ 80 ಪೈಸೆ" ಅಂದ್ಬಿಟ್ರು ಅಂತ ಇಟ್ಕೊಳ್ಳಿ. ಎರಡು ದಿನ ಬಿಟ್ಟು ಗಿರಾಕಿ ಬಂದು "300 ಸಾಕು ಅಣ್ಣ, ಅದೇ ರೇಟಲ್ಲಿ ಹಾಕಿ" ಅಂತಾರೆ. ಬರೋ ದುಡ್ಡು 1440. ಆಗೋ ಖರ್ಚು 1300 ಜೊತೆಗೆ 600, ಅಂದ್ರೆ 1900. ಬಾಡಿಗೆ, ಸಂಬಳ ಲೆಕ್ಕಕ್ಕೆ ಬರೋ ಮೊದಲೇ 460 ರೂಪಾಯಿ ಕೈಬಿಟ್ಟಿತು. ಅದಕ್ಕೇ ಹೇಳೋದು, ರೇಟನ್ನ ಎರಡು ಭಾಗ ಮಾಡಿ ಹೇಳಬೇಕು: ಶುರು ಮಾಡೋಕೆ ಇಷ್ಟು, ಆಮೇಲೆ ಪ್ರತಿಗೆ ಇಷ್ಟು. ನೀವು ಕಾಲೇಜ್ ಫೆಸ್ಟಿಗೆ 100 ಪಾಂಪ್ಲೆಟ್ ಕೇಳಿದಾಗ "ಇಷ್ಟೊಂದಾ?" ಅನ್ಸೋದೂ ಇದಕ್ಕೇ. ಅದು ಮೋಸ ಅಲ್ಲ, ಪ್ಲೇಟಿನ ಖರ್ಚನ್ನ ಹಂಚಿಕೊಳ್ಳೋಕೆ ಪ್ರತಿಗಳು ಕಡಿಮೆ, ಅಷ್ಟೆ.

ಇನ್ನು ಮೊದಲನೇ ಡಬ್ಬ. ಬಾಡಿಗೆ, ಸಂಬಳ, ಮಷೀನ್ ಸಾಲದ ಕಂತು ಸೇರಿ ತಿಂಗಳಿಗೆ 60,000 ಅಂತಿಟ್ಕೊಳ್ಳಿ. ಒಂದು ಆರ್ಡರಿಗೆ 1500 ಉಳಿದ್ರೆ 40 ಆರ್ಡರ್ ಬೇಕು, ಆಗ ತಿಂಗಳು ಸಮ ಆಗುತ್ತೆ. ಆಷಾಢ ಬಂತು, ಮದುವೆ ಇಲ್ಲ, ಬರೋದು ಬರೀ 20 ಆರ್ಡರ್. ಇಲ್ಲೇ ಕೆಲವರು ಒಂದು ಅಪಾಯದ ಲೆಕ್ಕ ಹಾಕ್ತಾರೆ. 60,000ವನ್ನ 20ರಿಂದ ಭಾಗಿಸಿ "ಒಂದು ಆರ್ಡರಿನ ತಲೆ ಮೇಲೆ 3000 ಬಿತ್ತು, ಹಾಗಾಗಿ 6300ಕ್ಕಿಂತ ಕಡಿಮೆಗೆ ಮಾಡಿದ್ರೆ ಲಾಸು" ಅಂತಾರೆ. ಕೆಲಸ ಕಡಿಮೆ ಇರೋ ತಿಂಗಳಲ್ಲೇ ರೇಟು ಏರಿಸಿದ್ರೆ ಇರೋ 20 ಜನರಲ್ಲೂ ಅರ್ಧ ಜನ ಪಕ್ಕದ ಪ್ರೆಸ್ಸಿಗೆ ಹೋಗ್ತಾರೆ.

ಸರಿಯಾಗಿ ಕೇಳ್ಕೋಬೇಕಾದ ಪ್ರಶ್ನೆ ಬೇರೆ: ಈ ಆರ್ಡರ್ ಬರದೇ ಇದ್ದಿದ್ರೆ ಈ ಖರ್ಚು ಉಳೀತಿತ್ತಾ? ಬಾಡಿಗೆ ಉಳಿಯಲ್ಲ. 3300 ಉಳಿಯುತ್ತೆ. ಹಾಗಾಗಿ ಆಷಾಢದಲ್ಲಿ ಒಬ್ಬರು 1000 ಪ್ರತಿಗೆ 4000 ಕೊಡ್ತೀನಿ ಅಂದ್ರೆ ತಗೋಬೇಕು. ಸುಮ್ನೆ ನಿಂತಿರೋ ಮಷೀನಿಂದ 700 ರೂಪಾಯಿ ಬಾಡಿಗೆಗೆ ಸೇರುತ್ತೆ. 3200 ಅಂದ್ರೆ ಮಾತ್ರ ಕೈಮುಗಿದು ಕಳಿಸಬೇಕು, ಅಲ್ಲಿ ಎಷ್ಟು ಆರ್ಡರ್ ಬಂದ್ರೂ ಅಷ್ಟೂ ನಷ್ಟವೇ.

ಆದ್ರೆ ಇದಕ್ಕೊಂದು ಮಿತಿ ಇದೆ. ವೈಶಾಖದಲ್ಲಿ ಮಷೀನ್ ಹಗಲೂ ರಾತ್ರಿ ಓಡ್ತಿರುವಾಗ ಅದೇ 4000ದ ಆರ್ಡರ್ ತಗೊಂಡ್ರೆ, 1500 ಉಳಿಸ್ತಿದ್ದ ಇನ್ನೊಬ್ಬರನ್ನ ವಾಪಸ್ ಕಳಿಸಿದ ಹಾಗೆ. ಆಷಾಢದ ರೇಟೇ ವರ್ಷಪೂರ್ತಿ ರೇಟಾದ್ರೆ 60,000 ಯಾವತ್ತೂ ಹುಟ್ಟಲ್ಲ. 700ರ ಲೆಕ್ಕದಲ್ಲಿ ಸಮ ಆಗೋಕೆ ತಿಂಗಳಿಗೆ 86 ಆರ್ಡರ್ ಬೇಕು!

ಈಗ ನಿಮಗೊಂದು ಲೆಕ್ಕ: ಇದೇ ಪ್ರೆಸ್ಸಿಗೆ ಆಷಾಢದಲ್ಲಿ 500 ಪ್ರತಿಯ ಆರ್ಡರ್ ಬಂದಿದೆ, 2500 ಕೊಡ್ತಾರಂತೆ. ನೀವಾಗಿದ್ರೆ ತಗೋತಿದ್ರಾ?

#ಪ್ರೆಸ್ಸಿನಲೆಕ್ಕ #ಕನ್ನಡದಲ್ಲಿಕಾಮರ್ಸ್