ಟೊಂಕ ಹಿಡಿದವನನ್ನ ಮಲಗಿಸಿ ಕೆಡಿಸಬ್ಯಾಡ್ರಿ

ನಮ್ಮ ಜತ್ತ ಸೀಮಿಯೊಳಗ ಯಾರಿಗಾದ್ರೂ ಟೊಂಕ ಹಿಡೀತಂದ್ರ ಸಾಕು, ಓಣಿ ಮಂದಿ ಕೂಡಿ ತೀರ್ಪು ಕೊಡತಾರ: "15 ದಿವಸ ಹಾಸಿಗಿ ಬಿಟ್ಟು ಏಳಬ್ಯಾಡ." ಈ ತೀರ್ಪು ತಪ್ಪು. ಅದನ್ನ ಕೇಳಿ ನಾನ ಕೆಟ್ಟೀನಿ.

ಮೂರು ವರ್ಷದ ಹಿಂದ ಬಿತ್ತಿಗಿ ಹೊತ್ತಿನ್ಯಾಗ 50 ಕಿಲೋದ ಗೊಬ್ಬರದ ಚೀಲ ಎತ್ತಿದೆ. ಕಾಲು ತಿರುಗಿಸದ ಬರೇ ಟೊಂಕ ತಿರುಗಿಸಿದೆ. ಚಳಕ್ ಅಂತು, ಅಲ್ಲೇ ಕುಂತೆ. ಹಿರಿಯರ ಮಾತು ಕೇಳಿ 12 ದಿವಸ ಮಲಗಿದೆ. ಎದ್ದಾಗ ನೋವು ಹಂಗ ಇತ್ತು, ಮ್ಯಾಲ ಕಾಲು ನಡುಗತಿದ್ದುವು, ಬೆನ್ನು ಕಟಗಿ ಆಗಿತ್ತು. ಭಜನಿಯೊಳಗ ಒಂದು ಪದ ಮುಗಿಯೂತನಕ ನಿಂದರಾಕ ಆಗಲಿಲ್ಲ.

ದವಾಖಾನ್ಯಾಗ ಡಾಕ್ಟರು ನನ್ನ ಪಾದ ಒತ್ತಿ ನೋಡಿ, ಉಚ್ಚಿ ಸರಿ ಹೋಗತೈತೇನು ಅಂತ ಕೇಳಿ, "ಸ್ನಾಯು ಎಳದೈತಿ, ಎಲುಬು ಮುರದಿಲ್ಲ. ಇಷ್ಟು ದಿವಸ ಯಾಕ ಮಲಗಿದಿ?" ಅಂದ್ರು. ಮಲಗಿದಷ್ಟೂ ಬೆನ್ನು ಹಿಡಿಯೋ ಸ್ನಾಯು ಸೊರಗತಾವು, ಕೀಲು ಬಿಗೀತಾವು, ಏಳಾಕ ಅಂಜಿಕಿ ಹುಟ್ಟತೈತಿ. ಅಂಜಿದವನ ನೋವು ಲಗೂನ ಹೋಗೂದಿಲ್ಲ.

"ಹಂಗಾರ ನಾಳೆನ ಚೀಲ ಹೊರಬೇಕೇನು?" ಅಂತ ಕೇಳತೀರಿ. ಅಲ್ಲ. ಭಾಳ ನೋವಿದ್ರ ಮೊದಲ ಒಂದೆರಡು ದಿವಸ ಮಣಕಾಲ ಕೆಳಗ ದಿಂಬು ಇಟ್ಟು ಸ್ವಲ್ಪ ಹೊತ್ತು ಮಲಗ್ರಿ, ಆದ್ರ ತಾಸಿಗೊಮ್ಮೆ ಏಳ್ರಿ. ಏಳುವಾಗ ಮಗ್ಗಲಾಗಿ, ಕಾಲು ಕೆಳಗ ಬಿಟ್ಟು, ಕೈ ಊರಿ ಏಳ್ರಿ. ಅಂಗಳದಾಗ ಐದು ನಿಮಿಷ ನಡೀರಿ, ದಿನಕ್ಕ ನಾಕೈದು ಸಲ. ದಿನದಿನಕ್ಕ ಸ್ವಲ್ಪ ಹೆಚ್ಚು ಮಾಡ್ರಿ. ಅಂಗಾತ ಮಲಗಿ ಒಂದೊಂದ ಮಣಕಾಲು ಎದಿ ಕಡೆ ನಿಧಾನ ಎಳಕೋರಿ. ನಡದಾಗ ಸ್ವಲ್ಪ ನೋವು ಬಂದು ಆಮ್ಯಾಲ ಇಳದ್ರ ಅಂಜಬ್ಯಾಡ್ರಿ. ನೋವು ಕಾಲಿನ ಕೆಳಗ ಕೆಳಗ ಹರಿಯಾಕ ಹತ್ತಿದ್ರ ಆ ಕಸರತ್ತು ಬಿಡ್ರಿ. ಬಗ್ಗಿ ಹೊರೂದು, ತಿರುವಿ ಎತ್ತೂದು ಕಡೀಕ. ಮೊದಲು ಅರ್ಧ ಕೊಡ ನೀರು, ಆಮ್ಯಾಲ ತುಂಬಿದ್ದು. ನಾನು ಹಿಂಗ ಮಾಡಿ ಐದು ವಾರಕ್ಕ ಹೊಲಕ್ಕ ಹೋದೆ.

ಆದ್ರ "ನಡದ್ರ ಎಲ್ಲಾ ಹೋಗತೈತಿ" ಅನ್ನಾವರೂ ತಪ್ಪ. ಟೊಂಕ ನೋವಿನ ಸಂಗಡ ಉಚ್ಚಿ ಕಟ್ಟಿದ್ರ, ಇಲ್ಲಾ ತಿಳೀದಂಗ ಹೋದ್ರ, ಕುಂಡಿ-ತೊಡಿ ಸಂದಿ ಜುಮ್ಮಗಟ್ಟಿದ್ರ, ಎರಡೂ ಕಾಲಿನ ಶಕ್ತಿ ಕಡಿಮಿ ಆದ್ರ, ಪಾದ ಎತ್ತಾಕ ಬರದಿದ್ರ, ಅದು ನರ ಒತ್ತಿದ ಗುರುತು. ಅವತ್ತ, ರಾತ್ರಿ ಆದ್ರೂ, ದೊಡ್ಡ ದವಾಖಾನಿಗೆ ಒಯ್ಯಿರಿ. ತಡ ಆದ್ರ ಆ ಶಕ್ತಿ ತಿರುಗಿ ಬರದ ಹೋಗಬಹುದು. ಜ್ವರ ಬಂದ್ರ, ಮೈ ಇಳದ್ರ, ಹಿಂದ ಕ್ಯಾನ್ಸರ್ ಆಗಿದ್ರ, ಮುದುಕರು ಬಿದ್ದು ನೋವು ಹತ್ತಿದ್ರ, ಅದನ್ನೂ ಮನಿಯಾಗ ಇಟಗೊಂಡು ಕೂಡಬ್ಯಾಡ್ರಿ.

ಇವು ಯಾವೂ ಇಲ್ಲಂದ್ರ ಟೊಂಕ ಹಿಡಿದವನಿಗೆ ಹಾಸಿಗಿ ಹಾಸಬ್ಯಾಡ್ರಿ. ಕೈ ಹಿಡಿದು ಅಂಗಳಕ್ಕ ಕರಕೊಂಡು ಬರ್ರಿ.