‘ಸ್ನೇಹಿತರು, ಅಷ್ಟೇ’

ಕೆಲವು ತಿಂಗಳ ಹಿಂದೆ, ನಮ್ಮಲ್ಲಿ ಓದಿ ಈಗ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯಿನಿಯಾಗಿರುವ ಹೆಣ್ಣುಮಗಳೊಬ್ಬಳು ಮನೆಗೆ ಬಂದಿದ್ದಳು. ಅದೂ ಇದೂ ಮಾತಾದ ಮೇಲೆ, “ಸಾರ್, ಒಂದು ವಾಕ್ಯದ ಅರ್ಥ ಹೇಳಬೇಕು” ಎಂದಳು. ಹಳಗನ್ನಡ ಪದ್ಯವೇನಾದರೂ ಇರಬಹುದೆಂದು ನಾವು ಕನ್ನಡಕವನ್ನು ಹುಡುಕಿದೆವು. ಅದು ಪದ್ಯವಲ್ಲ, ಒಂದು ನಿಶ್ಚಿತಾರ್ಥದ ಮನೆಯಲ್ಲಿ ತರುಣನೊಬ್ಬ ತನ್ನ ಸೋದರತ್ತೆಗೆ ಇವಳನ್ನು ಪರಿಚಯ ಮಾಡಿಕೊಟ್ಟ ಮಾತು: “ಇವರು ನಮ್ಮ ಸ್ನೇಹಿತರು, ಅಷ್ಟೇ.”

ಈ ಇಬ್ಬರ ಪರಿಚಯ ಎರಡು ವರ್ಷದ್ದು. ಆಕೆ ಜ್ವರದಲ್ಲಿ ಮಲಗಿದ್ದಾಗ ಮೂರು ದಿನ ಗಂಜಿ ತಂದುಕೊಟ್ಟವನು ಅವನು. ಮಳೆಯ ಸಂಜೆ ಬಸ್ಸು ತಡವಾದರೆ ನಿಲ್ದಾಣದಲ್ಲಿ ಕೊಡೆ ಹಿಡಿದು ಕಾಯುವವನೂ ಅವನೇ. ಏಕಾಂತದಲ್ಲಿ ಅಷ್ಟು ಬೆಚ್ಚಗಿದ್ದ ಸಂಬಂಧ ನಾಲ್ಕು ಜನರ ಮುಂದೆ ನಾಲ್ಕು ಮಾತಿಗೆ ಇಳಿದುಬಿಟ್ಟಿತು. ಇದರಲ್ಲಿ ಯಾವುದು ನಿಜವೆಂಬುದು ಅವಳ ಪ್ರಶ್ನೆ.

ಭಾಷೆಯನ್ನು ಪಾಠ ಹೇಳಿ ಬದುಕುವವರು ನಾವು. ಮೊದಲು ಮಾತನ್ನೇ ನೋಡಿದೆವು. ‘ಸ್ನೇಹಿತರು’ ಎಂಬುದರಲ್ಲಿ ಕೀಳಾದುದೇನೂ ಇಲ್ಲ. ಸಂಸ್ಕೃತದಲ್ಲಿ ಸ್ನೇಹವೆಂದರೆ ಎಣ್ಣೆಯ ಜಿಡ್ಡೂ ಹೌದು, ಅಂಟಿಕೊಳ್ಳುವ ಪ್ರೀತಿಯೂ ಹೌದು. ನೋವು ಇರುವುದು ಬೇರೆ ಎರಡು ಕಡೆ. ಏಕಾಂತದಲ್ಲಿ ‘ನೀನು’ ಆಗಿದ್ದವಳು ಸಭೆಯಲ್ಲಿ ‘ಇವರು’ ಆದಳು. ಕನ್ನಡದ ಬಹುವಚನ ಗೌರವವನ್ನು ಕೊಡುತ್ತದೆ. ಅದೇ ಕೈಯಲ್ಲಿ ಒಂದು ಮಾರು ದೂರವನ್ನೂ ಇಡುತ್ತದೆ. ಆದರೆ ಹಿರಿಯರೆದುರು ಇದು ಸಹಜವಾದ ರೂಢಿ. ಇದೊಂದರಿಂದಲೇ ಏನನ್ನೂ ತೀರ್ಮಾನಿಸಲಾಗದು. ಎರಡನೆಯದು ‘ಅಷ್ಟೇ’. ಇದು ಕೇಳದ ಪ್ರಶ್ನೆಗೆ ಕೊಟ್ಟ ಉತ್ತರ. ಅತ್ತೆ ಕೇಳಿದ್ದು ‘ಯಾರು’ ಎಂದು ಮಾತ್ರ. ‘ಇನ್ನೇನಾದರೂ ಉಂಟೇ’ ಎಂದಲ್ಲ. ಕೇಳುವ ಮೊದಲೇ ಬಾಗಿಲು ಮುಚ್ಚಿದವನ ಮನಸ್ಸಿನಲ್ಲಿ ಆ ಪ್ರಶ್ನೆ ಎದ್ದಿತ್ತೆಂಬುದು ಸ್ಪಷ್ಟ. ಒಳಗಿರುವುದು ಅಂಜಿಕೆಯೋ ಬರಿದೋ ಎಂಬುದನ್ನು ಮಾತ್ರ ವ್ಯಾಕರಣ ಹೇಳದು.

ಆಗ ನಮಗೆ ಶಾಕುಂತಲ ನೆನಪಾಯಿತು. ಐದನೆಯ ಅಂಕದ ನಿರಾಕರಣೆಯನ್ನು ಎಲ್ಲರೂ ಬಲ್ಲರು. ಎರಡನೆಯ ಅಂಕದ ಕೊನೆಯಲ್ಲಿರುವ ಸಣ್ಣ ಮಾತನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ದುಷ್ಯಂತನು ತನ್ನ ಮನಸ್ಸನ್ನೆಲ್ಲ ವಿದೂಷಕನ ಮುಂದೆ ತೋಡಿಕೊಂಡಿರುತ್ತಾನೆ. ಅಷ್ಟರಲ್ಲಿ ತಾಯಿಯ ಕರೆ ಬರುತ್ತದೆ. ತನಗೆ ಬದಲಾಗಿ ವಿದೂಷಕನನ್ನೇ ರಾಜಧಾನಿಗೆ ಕಳುಹಿಸಬೇಕಾಗುತ್ತದೆ. ಈ ಬಾಯಿಬಡುಕ ಅಂತಃಪುರದಲ್ಲಿ ಎಲ್ಲವನ್ನೂ ಒದರಿಬಿಟ್ಟರೆ? ಅರಸ ಅವನ ಕೈ ಹಿಡಿದು, ಆ ಋಷಿಕನ್ಯೆಯ ವಿಷಯ ಆಡಿದ್ದೆಲ್ಲ ಬರಿಯ ಹಾಸ್ಯ, ನಿಜವೆಂದು ತಿಳಿಯಬೇಡ, ಎನ್ನುತ್ತಾನೆ. ಆಗ ದೂರ್ವಾಸನ ಶಾಪವಿನ್ನೂ ಇಲ್ಲ, ಮರೆವಿಲ್ಲ. ತತ್ಕಾಲದ ಅನುಕೂಲಕ್ಕಾಗಿ, ಕೇಳುವವನೊಬ್ಬನನ್ನು ಉದ್ದೇಶಿಸಿ ಆಡಿದ ಸಣ್ಣ ಸುಳ್ಳು ಅದು.

ಅದರ ಫಲ ಆರನೆಯ ಅಂಕದಲ್ಲಿ ಕಾಣುತ್ತದೆ. ಉಂಗುರ ಸಿಕ್ಕಿ ನೆನಪು ಮರಳಿದ ಮೇಲೆ ಅರಸ, ನೀನಾದರೂ ಏಕೆ ನನಗೆ ನೆನಪು ಮಾಡಲಿಲ್ಲ ಎಂದು ಗೆಳೆಯನನ್ನು ಕೇಳುತ್ತಾನೆ. ನಾನು ಮರೆತಿರಲಿಲ್ಲ, ನೀನೇ ಹಾಸ್ಯವೆಂದೆ, ದಡ್ಡನಾದ ನಾನು ಹಾಗೆಯೇ ನಂಬಿದೆ ಎಂದು ಅವನ ಉತ್ತರ. ಕೇಳುವವರಿಗಾಗಿ ಆಡಿದ ಮಾತನ್ನು ಕೇಳಿದವರು ನಂಬುತ್ತಾರೆ. ಆ ಸಂಬಂಧಕ್ಕೆ ಇದ್ದ ಒಬ್ಬ ಸಾಕ್ಷಿಯನ್ನು ಅರಸ ತಾನೇ ಅಳಿಸಿದ್ದ. ‘ಸ್ನೇಹಿತರು, ಅಷ್ಟೇ’ ಎಂಬ ಮಾತಿನ ಅಪಾಯವೂ ಇಂಥದೇ: ನಾಳೆ ಅಗತ್ಯ ಬಿದ್ದಾಗ ಅವಳ ಪರವಾಗಿ ‘ನಾವು ಬಲ್ಲೆವು’ ಎನ್ನಲು ಯಾರೂ ಇರುವುದಿಲ್ಲ.

ವ್ಯಾಸಭಾರತದ ಕಥೆ ಇನ್ನೂ ಕಠಿನವಾದುದು. ಅಲ್ಲಿ ಶಾಪವಿಲ್ಲ, ಉಂಗುರವಿಲ್ಲ. ಅರಸನಿಗೆ ಎಲ್ಲವೂ ನೆನಪಿದೆ; ಆದರೂ ತುಂಬಿದ ಸಭೆಯಲ್ಲಿ ನೀನು ಯಾರೋ ಕಾಣೆನೆನ್ನುತ್ತಾನೆ. ಅಶರೀರವಾಣಿ ನುಡಿದ ಮೇಲೆ, ತನಗೆ ಮೊದಲೇ ತಿಳಿದಿತ್ತು, ಇವಳ ಮಾತೊಂದರಿಂದಲೇ ಒಪ್ಪಿದ್ದರೆ ಜನ ಮಗನ ವಿಷಯದಲ್ಲಿ ಶಂಕಿಸುತ್ತಿದ್ದರು ಎಂದು ಕಾರಣ ಕೊಡುತ್ತಾನೆ. ಕಾರಣ ಸುಳ್ಳಲ್ಲ. ಆದರೆ ಅದನ್ನು ಅವಳಿಗೆ ಮೊದಲು ಹೇಳಲಿಲ್ಲ. ಅವಮಾನದ ಬೆಲೆ ತೆತ್ತವಳು ಅವಳು, ಲಾಭ ಪಡೆದದ್ದು ಅವನ ಹೆಸರು.

ಈ ಎರಡು ಕಥೆಗಳಿಂದ ನಾವು ಆ ಹುಡುಗಿಗೆ ಮೂರು ಪ್ರಶ್ನೆಗಳನ್ನು ಕಟ್ಟಿಕೊಟ್ಟೆವು. ಮರೆಮಾಡುವ ಕಾರಣವನ್ನು ಅವನು ಆ ಮನೆಗೆ ಹೋಗುವ ಮೊದಲು ನಿನಗೆ ಹೇಳಿದ್ದನೆ, ಅಥವಾ ನೀನು ನೊಂದ ಮೇಲೆ ಹುಡುಕಿದನೆ? ಅವನ ಕಡೆಯವರಲ್ಲಿ ಒಬ್ಬರಿಗಾದರೂ ನಿಜ ಗೊತ್ತಿದೆಯೆ? ಈ ಮರೆಗೆ ಒಂದು ಗಡುವು ಇದೆಯೆ? ಜಾತಿ, ಮದುವೆಯಾಗದ ಅಕ್ಕ, ಸಿಗದ ಕೆಲಸ — ನಮ್ಮ ಮನೆಗಳಲ್ಲಿ ಮಾತನ್ನು ತಡೆಹಿಡಿಯುವ ನಿಜವಾದ ಕಾರಣಗಳು ಇಲ್ಲದಿಲ್ಲ. ಅಂಥ ಕಾರಣ ಇರುವವನು ಅದನ್ನು ಅವಳೊಡನೆ ಹಂಚಿಕೊಂಡರೆ ಮರೆ ಇಬ್ಬರದೂ ಆಗುತ್ತದೆ. ಹಂಚಿಕೊಳ್ಳದಿದ್ದರೆ ಒಬ್ಬರು ಮರೆಯಲ್ಲಿ ನಿಂತವರು, ಒಬ್ಬರು ನಿಲ್ಲಿಸಿದವರು.

ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಸ್ವಲ್ಪ ಅಳುಕಿನಿಂದಲೇ ಕೇಳಿದೆವು: “ಏಕಾಂತದಲ್ಲಾದರೂ ಅವನು ಇದಕ್ಕೆ ಬೇರೆ ಹೆಸರು ಇಟ್ಟಿದ್ದಾನೆಯೇನಮ್ಮ?” ಗಂಜಿ ತರುವುದು, ಕೊಡೆ ಹಿಡಿಯುವುದು ಒಳ್ಳೆಯ ಮನಸ್ಸಿನ ಗುರುತು, ಒಳ್ಳೆಯ ಸ್ನೇಹಿತನೂ ಅದನ್ನು ಮಾಡುತ್ತಾನೆ. ಒಳಗೂ ಹೆಸರಿಲ್ಲದಿದ್ದರೆ ಹೊರಗೆ ಆಡಿದ ಮಾತು ಮುಖವಾಡವಾಗಬೇಕಾಗಿಲ್ಲ. ಅವನು ಬಲ್ಲ ಒಂದೇ ಹೆಸರು ಅದಾಗಿರಬಹುದು. ಆಗ ತಪ್ಪು ಓದಿದವರು ನಾವೇ.

ಅವಳು ಬಹಳ ಹೊತ್ತು ಸುಮ್ಮನಿದ್ದು, “ಇಲ್ಲ ಸಾರ್, ಎಂದೂ ಹೇಳಿಲ್ಲ. ನಾನೂ ಕೇಳಿಲ್ಲ” ಎಂದಳು.

ಮುಂದಿನ ವಾರ ಕೇಳಿದಳು. ಅಕ್ಕನ ಮದುವೆಯಾಗಬೇಕು, ಯುಗಾದಿಯ ಹೊತ್ತಿಗೆ ಅಕ್ಕನಿಗೆ ಹೇಳುತ್ತೇನೆ ಎಂದನಂತೆ. ಕಾರಣವೂ ಬಂದಿತು, ಗಡುವೂ ಬಂದಿತು. ಕೇಳಿದ ಮೇಲೆ ಬಂದವು ಎಂಬುದನ್ನು ಅವಳು ಗಮನಿಸಿದ್ದಳು. ಯುಗಾದಿ ಕಳೆಯಿತು. ಅಕ್ಕನ ಮದುವೆ ಗೊತ್ತಾಯಿತು. ಅಕ್ಕನಿಗೆ ಇವಳ ವಿಷಯ ಗೊತ್ತಾಗಲಿಲ್ಲ. ಲಗ್ನಪತ್ರಿಕೆ ಕೊಡಲು ಅವನು ತನ್ನ ಸಹೋದ್ಯೋಗಿಯೊಡನೆ ಬಂದಾಗ, ಇವಳೇ ಮುಂದಾಗಿ ಆ ಹೊಸಬರಿಗೆ ತನ್ನ ಪರಿಚಯ ಹೇಳಿಕೊಂಡಳಂತೆ: “ನಾನು ಇವರ ಸ್ನೇಹಿತೆ.”

“‘ಅಷ್ಟೇ’ ಅಂದೆಯಾ?” ಎಂದು ಕೇಳಿದೆವು.

“ಇಲ್ಲ ಸಾರ್. ಅದು ಬೇಕಾಗಲಿಲ್ಲ” ಎಂದಳು.